ಬೆಲ್ಲಕ್ಕೆ ಬೈಬೇಡಿ, ಪಾತ್ರೆ ಎಷ್ಟು ಬಿಸಿ ಇದೆ ನೋಡಿ

ಕ್ಯಾಪ್ಷನ್ 1

ಮೊದಲನೇ ಫೋಟೋ ನೋಡಿ ನಗಬೇಡಿ. ಅದು ಪನೀರ್ ಅಲ್ಲ. ಕಳೆದ ಗೌರಿ ಹಬ್ಬಕ್ಕೆ ನೆಲಮಂಗಲದ ನಮ್ಮ ಮನೇಲಿ ನಾಲ್ಕು ಲೀಟರ್ ಹಾಲಲ್ಲಿ ಮಾಡಿದ ಅಕ್ಕಿ ಪಾಯಸ. ಬೆಲ್ಲ ಹಾಕಿ ಎರಡು ಸುತ್ತು ತಿರುಗಿಸೋದ್ರೊಳಗೆ ಸೌಟಿನ ಬೆನ್ನಿಗೆ ರವೆ ಥರ ಕಾಳು ಅಂಟಿಕೊಳ್ತು. ಇನ್ನೊಂದು ನಿಮಿಷಕ್ಕೆ ಅಂಚಲ್ಲಿ ತಿಳಿ ನೀರು ಬೇರೆಯಾಯ್ತು. ಎಡೆ ಇಡೋಕೆ ಅರ್ಧ ಗಂಟೆ ಇತ್ತು, ಮನೇಲಿ ಹದಿನಾರು ಜನ ಇದ್ರು.

ಚಿಕ್ಕಪ್ಪ ಬಗ್ಗಿ ನೋಡಿ ಒಂದೇ ಮಾತು ಹೇಳಿದ್ರು: "ಶಿವಗಂಗೇಲಿ ತುಪ್ಪ ಬೆಣ್ಣೆ ಆಗುತ್ತಂತೆ, ನಮ್ಮನೇಲಿ ಪಾಯಸ ಪನೀರ್ ಆಗುತ್ತೆ." ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ. ಅವತ್ತೇ ತೀರ್ಮಾನ ಹೇಳಿಬಿಟ್ರು: "ಇನ್ನು ಮೇಲೆ ಈ ಮನೇಲಿ ಹಾಲಿನ ಪಾಯಸಕ್ಕೆ ಸಕ್ಕರೇನೇ. ಬೆಲ್ಲದ ಸಹವಾಸ ಬೇಡ."

ನನ್ನ ತಕರಾರು ಇರೋದೇ ಅಲ್ಲಿ. ಅಕ್ಕಿ, ಹಾಲು, ಬೆಲ್ಲದ ಆ ಪಾಯಸ ನಮ್ಮ ಅಜ್ಜಿದು. ಅಜ್ಜಿಗೆ ಈಗ ಕೈ ನಡುಗುತ್ತೆ, ಸೌಟು ಹಿಡಿಯೋಕಾಗಲ್ಲ. ಅಮ್ಮ ಸಕ್ಕರೆಗೆ ಹೋದ್ರೆ ಆ ರುಚಿ ನಮ್ಮನೇಲಿ ನಿಂತೇ ಹೋಗುತ್ತೆ. ಅದೂ ಬೆಲ್ಲ ಮಾಡದೇ ಇರೋ ತಪ್ಪಿಗೆ. ಅದಕ್ಕೇ ಈ ಸಲದ 'ಅಡುಗೆಮನೆ ವಾದ' ಸ್ವಲ್ಪ ಉದ್ದ. ಒಂಬತ್ತು ಫೋಟೋ, ಒಂಬತ್ತು ಕ್ಯಾಪ್ಷನ್. ಕ್ಲಾಸಲ್ಲಿ ಮೂರು ಜನ "ನಮ್ಮನೇಲೂ ಹಿಂಗೇ ಆಯ್ತು ಕಣೋ" ಅಂದಿದ್ರಿ, ನೀವಂತೂ ಕೊನೆವರೆಗೂ ಓದಲೇಬೇಕು.

ಕ್ಯಾಪ್ಷನ್ 2

"ಬೆಲ್ಲ ಹಾಕಿದ್ರೆ ಹಾಲು ಒಡೆಯುತ್ತೆ" ಅನ್ನೋದು ಅರ್ಧ ಸತ್ಯ. ಬೆಲ್ಲದಲ್ಲಿ ಸ್ವಲ್ಪ ಹುಳಿ ಇದೆ, ಸರಿ. ಕಬ್ಬಿನ ಹಾಲೇ ಸ್ವಲ್ಪ ಆಮ್ಲೀಯ. ಆಲೆಮನೇಲಿ ಕೊಪ್ಪರಿಗೆಗೆ ಸುಣ್ಣ ಹಾಕ್ತಾರಲ್ಲ, ಅದರ ಒಂದು ಕೆಲಸ ಆ ಹುಳಿಯನ್ನು ಕಡಿಮೆ ಮಾಡೋದು. ಆದ್ರೂ ಪೂರ್ತಿ ಹೋಗಲ್ಲ. ಹಾಲು ತಿಂಗಳಾದ್ರೂ ಒಡೆಯದೆ ಇರುತ್ತಾ ಅಂತ ಕೇಳಬೇಡಿ, ನಾವು ಮಾತಾಡ್ತಿರೋದು ತಾಜಾ ಹಾಲಿನ ಬಗ್ಗೆ.

ಹಾಲಲ್ಲಿ ಕೇಸಿನ್ ಅನ್ನೋ ಪ್ರೋಟೀನು ಸಣ್ಣ ಸಣ್ಣ ಉಂಡೆಗಳಾಗಿ ತೇಲ್ತಿರುತ್ತೆ. ಆ ಉಂಡೆಗಳು ಒಂದಕ್ಕೊಂದು ಅಂಟದೆ ದೂರ ದೂರ ಇರೋದ್ರಿಂದಲೇ ಹಾಲು ಹಾಲಾಗಿರೋದು. ಹುಳಿ ಬಿದ್ರೆ ಆ ದೂರ ಕಡಿಮೆ ಆಗುತ್ತೆ. ತಾಜಾ ಹಾಲಿನ ಪಿಎಚ್ ಸುಮಾರು 6.7. ಮೊಸರು ಹೆಪ್ಪಾಗೋವಾಗ ಅದು 4.6ರ ಹತ್ತಿರಕ್ಕೆ ಇಳಿಯುತ್ತೆ. ನಾವು ಹಾಕೋ ಬೆಲ್ಲ ಹಾಲನ್ನ ಅಷ್ಟು ಕೆಳಗೆ ಎಳೆಯೋದೇ ಇಲ್ಲ. ತಣ್ಣನೆ ಹಾಲಿಗೆ ಬೆಲ್ಲ ಕರಗಿಸಿ ಕುಡಿದು ನೋಡಿ, ಏನೂ ಆಗಲ್ಲ.

ಹಂಗಾದ್ರೆ ಪಾಯಸ ಯಾಕೆ ಒಡೀತು? ಬಿಸಿ. ಹಾಲು ಕುದಿಯೋ ಹತ್ತಿರ ಇರೋವಾಗ ಕೇಸಿನ್ ಉಂಡೆಗಳು ತುಂಬಾ ಸೂಕ್ಷ್ಮ. ತಣ್ಣಗಿದ್ದಾಗ ತಡೆದುಕೊಳ್ಳೋ ಹುಳಿಯನ್ನ ಕುದಿಯೋವಾಗ ತಡೆದುಕೊಳ್ಳಲ್ಲ. ಬೆಳಗ್ಗೆ ಫ್ರಿಜ್ಜಿಂದ ತೆಗೆದ ಹಾಲು ನೋಡೋಕೆ ಚೆನ್ನಾಗೇ ಇದ್ದು, ಒಲೆ ಮೇಲೆ ಇಟ್ಟ ತಕ್ಷಣ ಒಡೆಯೋದು ನೀವೆಲ್ಲ ನೋಡಿರ್ತೀರ. ಅದೇ ಕಥೆ ಇದು. ಇನ್ನೊಂದು ಸೇರಿಸಿ: ಪಾಯಸದ ಹಾಲು ಅರ್ಧ ಗಂಟೆ ಕುದ್ದು ಬತ್ತಿರುತ್ತೆ. ಬತ್ತಿದ ಹಾಲಲ್ಲಿ ಪ್ರೋಟೀನು ಒತ್ತೊತ್ತಾಗಿರುತ್ತೆ, ಅಂಟಿಕೊಳ್ಳೋದು ಇನ್ನೂ ಸುಲಭ.

ಹಾಗಾಗಿ ನನ್ನ ವಾದ ಇಷ್ಟು. ಹಾಲು ಒಡೆಯೋಕೆ ಹುಳಿ, ಬಿಸಿ ಎರಡೂ ಬೇಕು. ಹುಳಿ ಪೂರ್ತಿ ನಮ್ಮ ಕೈಲಿಲ್ಲ. ಬಿಸಿ ಪೂರ್ತಿ ನಮ್ಮ ಕೈಲಿದೆ.

ಕ್ಯಾಪ್ಷನ್ 3

ಇದೆಲ್ಲ ನಮ್ಮಮ್ಮನಿಗೆ ಗೊತ್ತಿಲ್ಲ ಅಂದ್ಕೋಬೇಡಿ. ಅಮ್ಮ ಯಾವತ್ತೂ ಕುದಿಯೋ ಪಾಯಸಕ್ಕೆ ಬೆಲ್ಲ ಹಾಕಿದವರಲ್ಲ. ಸ್ಟವ್ ಆರಿಸಿ, ಗೋಡಂಬಿ ದ್ರಾಕ್ಷಿ ಹುರಿದು, ಏಲಕ್ಕಿ ಕುಟ್ಟಿ, ಆಮೇಲೆ ಬೆಲ್ಲ. ವರ್ಷಗಳಿಂದ ಅದೇ ಲೆಕ್ಕ. ಆ ಹಬ್ಬದ ದಿನವೂ ಅದನ್ನೇ ಮಾಡಿದ್ರು. ಮತ್ಯಾಕೆ ಒಡೀತು?

ನಾನು ಇದನ್ನ ತುಂಬಾ ಯೋಚನೆ ಮಾಡಿದೆ. ಕಾರಣ ಎರಡು ಸಿಕ್ತು.

ಮಾಮೂಲಿ ನಾವು ಮಾಡೋದು ಒಂದು ಲೀಟರ್ ಹಾಲಿನ ಪಾಯಸ, ಅಗಲ ಬಾಯಿಯ ಪಾತ್ರೇಲಿ. ಅವತ್ತು ಮಾಡಿದ್ದು ನಾಲ್ಕು ಲೀಟರ್, ದಪ್ಪ ತಳದ ಎತ್ತರದ ತಪ್ಪಲೇಲಿ. ಮೇಲೆ ನೊಣ ಕೂರುತ್ತೆ ಅಂತ ತಟ್ಟೆ ಮುಚ್ಚಿದ್ರು. ಗೋಡಂಬಿ ಹುರಿಯೋಕೆ ಹಿಡಿದಿದ್ದು ಅದೇ ಹತ್ತು ಹದಿನೈದು ನಿಮಿಷ. ಅಷ್ಟು ಹೊತ್ತಲ್ಲಿ ಚಿಕ್ಕ ಪಾತ್ರೆ ಸಾಕಷ್ಟು ಇಳಿಯುತ್ತೆ. ದೊಡ್ಡ ತಪ್ಪಲೆ, ಅದೂ ಮುಚ್ಚಿಟ್ಟಿದ್ದು, ಇಳಿಯೋದೇ ಇಲ್ಲ. ಅಮ್ಮ "ಆರಿಸಿ ಇಟ್ಟಿದ್ದೀನಿ" ಅಂದ್ಕೊಂಡಿದ್ದ ಪಾಯಸ ನಿಜವಾಗ್ಲೂ ಕುದಿಯೋ ಪಾಯಸದ ಅಕ್ಕಪಕ್ಕದಲ್ಲೇ ಇತ್ತು.

ಎರಡನೇದು ಬೆಲ್ಲ. ಗೌರಿ ಹಬ್ಬ ಬರೋದು ಮಳೆಗಾಲದ ಕೊನೇಲಿ. ನಮ್ಮ ಡಬ್ಬದ ಬೆಲ್ಲ ಯುಗಾದಿಗೆ ತಂದಿದ್ದು. ಬೆಲ್ಲ ಗಾಳಿಯ ತೇವ ಎಳ್ಕೊಳ್ಳುತ್ತೆ, ಮೈಯೆಲ್ಲ ಜಿನುಗುತ್ತೆ, ಆ ತೇವದಲ್ಲಿ ನಿಧಾನಕ್ಕೆ ಹುಳಿ ಏರುತ್ತೆ. ಡಬ್ಬ ತೆಗೆದಾಗ ಹೆಂಡದ ಥರ ಒಂದು ಸಣ್ಣ ವಾಸನೆ ಬಂದಿತ್ತು. ಅಜ್ಜಿ ಹೇಳಿದ್ರು ಕೂಡ, "ಬೆಲ್ಲ ನೀರು ಬಿಟ್ಟೈತೆ ಕಣವ್ವ" ಅಂತ. ಆ ಗಲಾಟೇಲಿ ಯಾರೂ ಕೇಳಿಸಿಕೊಳ್ಳಲಿಲ್ಲ.

ಹುಳಿ ಜಾಸ್ತಿ, ಬಿಸಿ ಜಾಸ್ತಿ. ಎರಡೂ ಒಂದೇ ದಿನ ಸೇರಿದ್ವು. ಒಂದೇ ಇದ್ದಿದ್ರೆ ಬಹುಶಃ ಬಚಾವಾಗ್ತಿದ್ವಿ.

ಕ್ಯಾಪ್ಷನ್ 4

ವಾದ ಮಾಡೋದು ಸುಲಭ, ಮಾಡಿ ತೋರಿಸಬೇಕಲ್ಲ. ದೀಪಾವಳಿ ಆದ್ಮೇಲೆ ಒಂದು ಭಾನುವಾರ ಅಮ್ಮನ ಹತ್ರ ಪರ್ಮಿಷನ್ ತಗೊಂಡೆ. ಕೇಕ್ ಮಾಡೋ ಕ್ಲಾಸ್‌ಮೇಟ್ ಒಬ್ಬಳ ಹತ್ರ ಅಡುಗೆ ಥರ್ಮಾಮೀಟರ್ ಇತ್ತು, ಇಸ್ಕೊಂಡೆ. ಒಂದು ಲೀಟರ್ ಲೆಕ್ಕದಲ್ಲಿ ನಾನು ಮಾಡಿದ್ದು ಹೇಳ್ತೀನಿ.

ಹಾಲು ಒಂದು ಲೀಟರ್. ಅಕ್ಕಿ 75 ಗ್ರಾಂ, ಅಂದ್ರೆ ನಮ್ಮ ಚಿಕ್ಕ ಕಾಫಿ ಲೋಟದ ಮುಕ್ಕಾಲಿನಷ್ಟು. ಇಷ್ಟೇನಾ ಅನ್ಸುತ್ತೆ, ಆದ್ರೆ ಇಷ್ಟೇ ಸಾಕು. ಜಾಸ್ತಿ ಹಾಕಿದ್ರೆ ಪಾಯಸ ಹೋಗಿ ಪೊಂಗಲ್ ಆಗುತ್ತೆ. ಬೆಲ್ಲ 150 ಗ್ರಾಂ. ತುಪ್ಪ ಎರಡು ಚಮಚ, ಏಲಕ್ಕಿ ನಾಲ್ಕು.

ಅಕ್ಕಿ ಸೋನಾ ಮಸೂರಿ. ಸ್ಟೀಮ್ ರೈಸ್ ಬೇಡ, ಅದು ಉದುರುದುರಾಗಿ ನಿಲ್ಲೋಕೆ ಅಂತಲೇ ಮಾಡಿರೋ ಅಕ್ಕಿ, ಹಾಲಲ್ಲಿ ಕರಗಲ್ಲ. ರಾ ರೈಸ್ ಅಂತ ಕೇಳಿ ತಗೊಳ್ಳಿ. ತೊಳೆದು ಅರ್ಧ ಗಂಟೆ ನೆನೆಹಾಕಿ, ನೀರು ಬಸಿದು, ಅಂಗೈಯಲ್ಲಿ ಹಿಸುಕಿ ಕಾಳನ್ನ ಎರಡು ಮೂರು ಚೂರು ಮಾಡಿದೆ. ಅಜ್ಜಿ ಇದಕ್ಕೆ ನುಚ್ಚು ಮಾಡೋದು ಅಂತಾರೆ. ಒಡೆದ ಅಕ್ಕಿ ಬೇಗ ಬೇಯುತ್ತೆ, ಅದರ ಗಂಜಿ ಹಾಲಿಗೆ ಬಿಡುತ್ತೆ.

ಪಾತ್ರೆಗೆ ಮೊದಲು ಒಂದು ಲೋಟ ನೀರು, ಆಮೇಲೆ ಹಾಲು. ನೀರು ಮೊದಲು ಹಾಕಿದ್ರೆ ಹಾಲು ಅಷ್ಟು ಬೇಗ ತಳ ಹಿಡಿಯಲ್ಲ. ಹಾಲನ್ನ ಒಂದು ಸಲ ಚೆನ್ನಾಗಿ ಉಕ್ಕಿಸಿ ನೋಡಿ. ಇಲ್ಲೇ ಒಡೆದ್ರೆ ತಪ್ಪು ಹಾಲಿಂದು, ಅಕ್ಕಿ ಬೆಲ್ಲ ಎರಡೂ ಉಳೀತು. ಉಕ್ಕಿದ ಮೇಲೆ ಅಕ್ಕಿ ಹಾಕಿ ಉರಿ ಪೂರ್ತಿ ಸಣ್ಣ ಮಾಡಿದೆ.

ನನಗೆ ಹಿಡಿದಿದ್ದು ನಲವತ್ತು ನಿಮಿಷದ ಮೇಲೆ. ಹಾಲಲ್ಲಿ ಅಕ್ಕಿ ನೀರಲ್ಲಿ ಬೆಂದಷ್ಟು ಬೇಗ ಬೇಯಲ್ಲ. ಮೊದಲ ಹತ್ತು ನಿಮಿಷ ಆಗಾಗ ಕೈಯಾಡಿಸಿ, ಇಲ್ಲಾಂದ್ರೆ ಅಕ್ಕಿ ತಳದಲ್ಲಿ ಕೂತು ಸೀದುಹೋಗುತ್ತೆ. ಸೀದ ಹಾಲಿನ ವಾಸನೆಗೆ ಯಾವ ಏಲಕ್ಕಿಯೂ ಮದ್ದಲ್ಲ. ಅಂಚಿಗೆ ಕಟ್ಟೋ ಕೆನೆಯನ್ನ ಸೌಟಲ್ಲಿ ಕೆರೆದು ಒಳಗೇ ತಳ್ಳುತ್ತಾ ಇರಿ.

ಕ್ಯಾಪ್ಷನ್ 5

ಈ ಕ್ಯಾಪ್ಷನ್ ಚಿಕ್ಕದು, ಆದ್ರೆ ದಾಟಿಸಿ ಹೋಗಬೇಡಿ.

ಅಕ್ಕಿ ಪೂರ್ತಿ ಬೇಯೋವರೆಗೂ ಬೆಲ್ಲ ಪಾತ್ರೆ ಹತ್ರ ಬರಬಾರದು. ಹಾಲು ಒಡೆಯುತ್ತೆ ಅಂತ ಮಾತ್ರ ಅಲ್ಲ. ಸಿಹಿ ಬಿದ್ದ ಮೇಲೆ ಅಕ್ಕಿ ಬೇಯಲ್ಲ. ಸಕ್ಕರೆ ಆಗ್ಲಿ ಬೆಲ್ಲ ಆಗ್ಲಿ, ನೀರನ್ನ ತನ್ನ ಕಡೆ ಹಿಡ್ಕೊಳ್ಳುತ್ತೆ, ಅಕ್ಕಿಯ ಗಂಜಿ ಅರಳೋಕೆ ಬೇಕಾದ ನೀರು ಸಿಗಲ್ಲ. ಮುಕ್ಕಾಲು ಬೆಂದ ಅಕ್ಕಿಗೆ ಬೆಲ್ಲ ಹಾಕಿದ್ರೆ ಆ ಕಾಲು ಭಾಗ ಹಂಗೇ ಉಳಿಯುತ್ತೆ, ಮಧ್ಯದಲ್ಲಿ ಕಡ್ಡಿ ಥರ. ಆಗ ಬೇಯಿಸೋಕೆ ಮತ್ತೆ ಕುದಿಸ್ತೀರ, ಕುದಿಸಿದ್ರೆ ಹಾಲು ಒಡೆಯುತ್ತೆ. ಎರಡು ತಪ್ಪೂ ಒಂದರಿಂದ ಒಂದು ಹುಟ್ಟೋದು ಹಿಂಗೆ.

ಬೆಂದಿದೆಯಾ ಅಂತ ನೋಡೋಕೆ ಬಾಯಿಗೆ ಹಾಕಬೇಡಿ (ಎಡೆಗೆ ಇಡೋದಾದ್ರೆ ಅಜ್ಜಿ ಬೈತಾರೆ). ಎರಡು ಅಗುಳು ತೆಗೆದು ತಟ್ಟೆ ಮೇಲೆ ಇಟ್ಟು ಹೆಬ್ಬೆಟ್ಟಲ್ಲಿ ಒತ್ತಿ. ಪೂರ್ತಿ ಮೆದುವಾಗಿ ಹರಡಬೇಕು, ಮಧ್ಯದಲ್ಲಿ ಬಿಳಿ ಚುಕ್ಕೆ ಕಾಣಬಾರದು. ಬೆಲ್ಲ ಬಿದ್ದ ಮೇಲೆ ಅಗುಳು ಇನ್ನೊಂಚೂರು ಬಿಗಿಯಾಗುತ್ತೆ. ಹಾಗಾಗಿ ಊಟದ ಅನ್ನಕ್ಕಿಂತ ಒಂದು ಹದ ಮುಂದೆ ಹೋಗಿರಲಿ.

ಗಂಜಿ ಬಿಟ್ಟು ಹಾಲು ಮಂದ ಆಗೋದ್ರಿಂದ ಇನ್ನೊಂದು ಲಾಭ ಇದೆ. ಮಂದ ಹಾಲಲ್ಲಿ ಕೇಸಿನ್ ಉಂಡೆಗಳು ಸಲೀಸಾಗಿ ಓಡಾಡಿ ಒಂದಕ್ಕೊಂದು ಸೇರೋಕೆ ಕಷ್ಟ. ತೆಳ್ಳಗಿನ ಹಾಲಿಗಿಂತ ಚೆನ್ನಾಗಿ ಬೆಂದ ಅಕ್ಕಿಯ ಪಾಯಸ ಸ್ವಲ್ಪ ಜಾಸ್ತಿ ತಡೆಯುತ್ತೆ. ಸ್ವಲ್ಪ ಅಷ್ಟೇ, ಅದನ್ನ ನಂಬಿ ಕುದಿಸೋಕೆ ಹೋಗಬೇಡಿ.

ಕ್ಯಾಪ್ಷನ್ 6

ಈಗ ಬೆಲ್ಲ. ಉಂಡೆ ಬೆಲ್ಲ, ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಪುಡಿ ಬೆಲ್ಲ, ಯಾವುದಾದ್ರೂ ಸರಿ. ಕಪ್ಪು ಬೆಲ್ಲ ಹಾಲು ಒಡೆಯುತ್ತೆ, ಹಳದಿ ಬೆಲ್ಲ ಒಡೆಯಲ್ಲ ಅಂತ ಅಂಗಡಿಯವರು ಹೇಳಿದ್ರೆ ನಂಬಬೇಡಿ. ಬಣ್ಣ ನೋಡಿ ಹುಳಿ ಹೇಳೋಕಾಗಲ್ಲ. ಹೊಳೆಯೋ ಹಳದಿ ಬಣ್ಣ ಬರೋಕೆ ಕೆಲವು ಕಡೆ ಹೈಡ್ರೋಸ್ ಅನ್ನೋ ಬ್ಲೀಚ್ ಪುಡಿ ಹಾಕ್ತಾರೆ, ಅದಕ್ಕೂ ಹುಳಿಗೂ ಸಂಬಂಧ ಇಲ್ಲ. ಮೂಗು, ನಾಲಗೆ ನಂಬಿ. ಜಿನುಗಿರೋ ಬೆಲ್ಲ, ಹೆಂಡದ ವಾಸನೆ, ನಾಲಗೆ ತುದೀಲಿ ಚುರ್ ಅನ್ನೋ ಹುಳಿ, ಈ ಮೂರರಲ್ಲಿ ಒಂದಿದ್ರೂ ಅದನ್ನ ಸಾರಿಗೆ ಗೊಜ್ಜಿಗೆ ಇಟ್ಕೊಳ್ಳಿ.

150 ಗ್ರಾಂ ಬೆಲ್ಲ ಪುಡಿ ಮಾಡಿ ಅರ್ಧ ಲೋಟ ನೀರಲ್ಲಿ ಬಿಸಿ ಮಾಡಿ ಕರಗಿಸಿದೆ. ಪಾಕ ಮಾಡಬೇಡಿ, ಕರಗಿದ್ರೆ ಸಾಕು. ಒಂದು ಕುದಿ ಬಂದ ಮೇಲೆ ಸೋಸಿ. ಸೋಸಿದಾಗ ಕಬ್ಬಿನ ನಾರು, ಮರಳು ಸಿಗುತ್ತೆ, ನಮ್ಮ ಜರಡೀಲಿ ಒಂದು ಪುಟ್ಟ ಕಲ್ಲೂ ಸಿಕ್ತು. "ಬೆಲ್ಲವನ್ನ ಕುದಿಸಿದ್ರೆ ಹುಳಿ ಹೋಗುತ್ತೆ" ಅಂತ ತುಂಬಾ ರೀಲ್ಸಲ್ಲಿ ಹೇಳ್ತಾರೆ. ಪೂರ್ತಿ ಹೋಗಲ್ಲ. ನೀರಲ್ಲಿ ಕರಗಿಸೋದರ ನಿಜವಾದ ಉಪಯೋಗ ಬೇರೆ. ಗಟ್ಟಿ ಬೆಲ್ಲದ ಚೂರು ಹಾಲಿಗೆ ಬಿದ್ರೆ ಅದು ಕರಗೋ ಜಾಗದಲ್ಲಿ ಮಾತ್ರ ಹುಳಿ ಒಮ್ಮೆಗೇ ಏರುತ್ತೆ, ಅಲ್ಲೇ ಒಡೆಯೋಕೆ ಶುರುವಾಗುತ್ತೆ. ತೆಳು ನೀರಾದ್ರೆ ಎಲ್ಲ ಕಡೆ ಸಮವಾಗಿ ಹರಡುತ್ತೆ.

ಪರೀಕ್ಷೆ ಮಾಡದೆ ದೊಡ್ಡ ಪಾತ್ರೆಗೆ ಸುರೀಬೇಡಿ. ಡೈರಿಗಳಲ್ಲಿ ಹಾಲಿನ ಒಂದು ಟೆಸ್ಟ್ ಇದೆ: ಟ್ಯೂಬಲ್ಲಿ 5 ಎಂಎಲ್ ಹಾಲು ಹಾಕಿ ಕುದಿಯೋ ನೀರಲ್ಲಿ ಐದು ನಿಮಿಷ ಇಟ್ಟು, ಕಾಳು ಕಟ್ಟುತ್ತಾ ಅಂತ ನೋಡೋದು. ಅದನ್ನೇ ನಾನು ಮನೇಲಿ ಮಾಡಿದೆ. ಸ್ಟೀಲ್ ಸೌಟಿಗೆ ಅಕ್ಕಿ ಇಲ್ಲದ ಪಾಯಸದ ಹಾಲು ಎರಡು ಚಮಚ, ಬೆಲ್ಲದ ನೀರು ಅರ್ಧ ಚಮಚ. ಸೌಟನ್ನೇ ಸಣ್ಣ ಉರಿ ಮೇಲೆ ಹಿಡಿದು ಗುಳ್ಳೆ ಬರೋವರೆಗೆ ಕಾಯಿಸಿ, ಓರೆ ಮಾಡಿ ನೋಡಿ. ಸೌಟಿನ ಮೈ ಮೇಲೆ ಹಾಲು ನುಣ್ಣಗೆ ಜಾರಿದ್ರೆ ಬೆಲ್ಲ ಒಳ್ಳೇದು. ಕಾಳು ಕಾಳಾಗಿ ಅಂಟಿದ್ರೆ ಹುಳಿ ಇದೆ, ಹುಷಾರಾಗಿರಬೇಕು.

ಗೌರಿ ಹಬ್ಬದ ಆ ಹಳೇ ಬೆಲ್ಲ ಒಂದು ತುಂಡು ಎತ್ತಿಟ್ಟಿದ್ದೆ. ಅದೂ ಟೆಸ್ಟ್ ಮಾಡಿದೆ. ಸೌಟಲ್ಲೇ ಒಡೀತು. ಹೊಸ ಬೆಲ್ಲ ಒಡೀಲಿಲ್ಲ. ಅಮ್ಮ ಪಕ್ಕದಲ್ಲೇ ನಿಂತು ನೋಡ್ತಿದ್ರು, ಏನೂ ಮಾತಾಡಲಿಲ್ಲ. (ಎರಡನೇ ಫೋಟೋದಲ್ಲಿ ಎರಡು ಸೌಟೂ ಇವೆ, ಝೂಮ್ ಮಾಡಿ.)

ಕ್ಯಾಪ್ಷನ್ 7

ಪಾಯಸ ಇಳಿಸಿದೆ, ಮುಚ್ಚಲಿಲ್ಲ. ಕೆನೆ ಕಟ್ಟದ ಹಾಗೆ ಆಗಾಗ ಕೈಯಾಡಿಸ್ತಾ ಥರ್ಮಾಮೀಟರ್ ಅದ್ದಿ ನೋಡಿದೆ. ಹತ್ತು ನಿಮಿಷಕ್ಕೆ 80 ಡಿಗ್ರಿ. ಇಪ್ಪತ್ತೈದು ನಿಮಿಷಕ್ಕೆ 62. ಅಲ್ಲಿ ನಿಲ್ಲಿಸಿ ಬೆಲ್ಲದ ನೀರು ಹಾಕೋಕೆ ಶುರು ಮಾಡಿದೆ. ಬೆಲ್ಲದ ನೀರೂ ಅಷ್ಟೊತ್ತಿಗೆ ಉಗುರುಬೆಚ್ಚಗೆ ಆಗಿತ್ತು, ಅದೂ ಮುಖ್ಯ. ಒಂದೊಂದು ಸೌಟು, ಪ್ರತಿ ಸೌಟಿಗೂ ತಳದಿಂದ ತಿರುಗಿಸಿ. ಐದು ಸೌಟಲ್ಲಿ ಮುಗೀತು. ಬಣ್ಣ ಚಂದನದ ಥರ ಆಯ್ತು, ಒಂದು ಕಾಳೂ ಕಟ್ಟಲಿಲ್ಲ.

ಥರ್ಮಾಮೀಟರ್ ಇಲ್ಲದವರು ಏನು ಮಾಡೋದು? ಒಂದು ಚಮಚ ಪಾಯಸ ಲೋಟಕ್ಕೆ ಹಾಕಿ ತಕ್ಷಣ ಕುಡಿದು ನೋಡಿ. ಕುಡಿಯೋ ಕಾಫಿಯಷ್ಟು ಬಿಸಿ, ಅಂದ್ರೆ ಊದದೆ ಗುಟುಕು ಕುಡಿಯೋ ಹಾಗಿದ್ರೆ ಅದು ಸರಿಯಾದ ಹದ. ನೈವೇದ್ಯಕ್ಕೆ ಅಂತ ಕುಡಿಯೋ ಹಾಗಿಲ್ಲಾಂದ್ರೆ ಪಾತ್ರೆಯ ಹೊರಮೈಗೆ ಅಂಗೈ ಇಟ್ಟು ನೋಡಿ. ಸಟ್ಟನೆ ಎಳ್ಕೊಳ್ಳೋಕೆ ಅನ್ಸಿದ್ರೆ ಇನ್ನೂ ಕಾಯಿರಿ. ಎರಡು ಮೂರು ಎಣಿಸೋವರೆಗೆ ಇಡೋಕಾದ್ರೆ ಹಾಕಬಹುದು. ಗಡಿಯಾರ ನೋಡಬೇಡಿ, ಪಾತ್ರೆ ನೋಡಿ. ಅಮ್ಮನ 'ಗೋಡಂಬಿ ಹುರಿಯೋಷ್ಟು ಹೊತ್ತು' ಒಂದು ಲೀಟರ್ ಪಾಯಸಕ್ಕೆ, ತಾಜಾ ಬೆಲ್ಲಕ್ಕೆ ಸರಿಹೋಗ್ತಿದ್ದ ಲೆಕ್ಕ.

"ಪೂರ್ತಿ ತಣ್ಣಗಾದ ಮೇಲೆ ಹಾಕು, ರಿಸ್ಕೇ ಬೇಡ" ಅನ್ನೋರೂ ಇದ್ದಾರೆ. ಒಡೆಯಲ್ಲ, ನಿಜ. ಆದ್ರೆ ತಣ್ಣಗಾದ ಪಾಯಸ ಗಂಜಿಯಿಂದ ಗಟ್ಟಿಯಾಗಿರುತ್ತೆ, ಬೆಲ್ಲದ ನೀರು ಸೇರೋಕೆ ಕಿವುಚಬೇಕಾಗುತ್ತೆ, ಅಗುಳೆಲ್ಲ ಅಂಟಂಟು. ಆಮೇಲೆ "ಬಿಸಿ ಇಲ್ಲ" ಅಂತ ಮತ್ತೆ ಒಲೆ ಮೇಲೆ ಇಡ್ತೀರ, ಅಲ್ಲಿ ಒಡೆಯುತ್ತೆ. ನನಗೆ 60-65 ಡಿಗ್ರಿಯೇ ಇಷ್ಟ, ಬಡಿಸೋಕೂ ಅದೇ ಬಿಸಿ.

ನಾಲ್ಕು ಲೀಟರ್ ಮಾಡೋದಾದ್ರೆ ಎರಡು ಅಗಲ ಪಾತ್ರೆಗೆ ಹಂಚಿಬಿಡಿ. ಇಲ್ಲಾಂದ್ರೆ ತಪ್ಪಲೆಯನ್ನ ತಣ್ಣೀರಿನ ಬೇಸಿನ್ನಿನಲ್ಲಿ ಇಟ್ಟು ತಿರುಗಿಸಿ.

ಕ್ಯಾಪ್ಷನ್ 8

ಕಾಮೆಂಟಲ್ಲಿ ಬರೋ ಪ್ರಶ್ನೆಗಳು ನನಗೆ ಗೊತ್ತು, ಮೊದಲೇ ಜಗಳ ಆಡಿಬಿಡ್ತೀನಿ.

"ಚಿಟಿಕೆ ಅಡುಗೆ ಸೋಡಾ ಹಾಕು, ಕುದಿಯೋವಾಗ ಬೆಲ್ಲ ಹಾಕಿದ್ರೂ ಒಡೆಯಲ್ಲ." ಕೆಲಸ ಮಾಡುತ್ತೆ, ಸುಳ್ಳಲ್ಲ. ಸೋಡಾ ಹುಳಿಯನ್ನ ಕೊಲ್ಲುತ್ತೆ. ಹುಳಿ ಬೆಲ್ಲದ ನೀರಿಗೆ ಸೋಡಾ ಹಾಕಿದ್ರೆ ನೊರೆ ಬರೋದು ಅದಕ್ಕೇ. ಆದ್ರೆ ನಮ್ಮ 'ಚಿಟಿಕೆ' ಯಾವತ್ತೂ ಚಿಟಿಕೆ ಆಗಿರಲ್ಲ. ಒಂಚೂರು ಜಾಸ್ತಿ ಆದ್ರೆ ಪಾಯಸ ಕಂದುಬಣ್ಣಕ್ಕೆ ತಿರುಗುತ್ತೆ, ಬಾಯಲ್ಲಿ ಸೋಪಿನ ರುಚಿ. ಸೌಟಿನ ಟೆಸ್ಟಲ್ಲಿ ಬೆಲ್ಲ ಫೇಲಾಗಿ, ಬೇರೆ ಬೆಲ್ಲ ಸಿಗೋಕೆ ಟೈಮೂ ಇಲ್ಲ ಅಂದ್ರೆ ಮಾತ್ರ ಬಳಸಿ. 150 ಗ್ರಾಂ ಬೆಲ್ಲದ ನೀರಿಗೆ ಅರ್ಧ ಚಿಟಿಕೆ, ಮತ್ತೆ ಸೌಟಲ್ಲಿ ಟೆಸ್ಟ್ ಮಾಡಿ. ದಿನಾ ಅಭ್ಯಾಸ ಮಾಡ್ಕೋಬೇಡಿ.

"ಅನ್ನ ನೀರಲ್ಲಿ ಬೇಯಿಸಿ, ಬೆಲ್ಲ ಹಾಕಿ ಕುದಿಸಿ, ಕೊನೇಲಿ ಆರಿದ ಹಾಲು ಬೆರೆಸು." ಇದು ತುಂಬಾ ಮನೆಗಳ ದಾರಿ, ಒಡೆಯೋದು ಅಪರೂಪ. ಪಿಜಿ ರೂಮಲ್ಲಿ ಇಂಡಕ್ಷನ್ ಸ್ಟವ್ ಇಟ್ಕೊಂಡಿರೋರಿಗೆ ನಾನೂ ಇದನ್ನೇ ಹೇಳ್ತೀನಿ. ಆದ್ರೆ ಹಾಲಲ್ಲೇ ನಲವತ್ತು ನಿಮಿಷ ಬೆಂದ ಅಕ್ಕಿಯ ರುಚಿ ಬೇರೆ. ಹಾಲು ಅಗುಳಿನ ಒಳಗೆ ಹೋಗಿರುತ್ತೆ. ಇದರಲ್ಲಿ ಹಾಲು ಹೊರಗೆ ನಿಂತಿರುತ್ತೆ.

"ಕೇರಳದವರು ಎಷ್ಟು ಚೆನ್ನಾಗಿ ಮಾಡ್ತಾರೆ, ಅವರದ್ಯಾಕೆ ಒಡೆಯಲ್ಲ?" ಅಂಬಲಪ್ಪುಳ ದೇವಸ್ಥಾನದ ಹೆಸರುವಾಸಿ ಪಾಲ್ ಪಾಯಸ ಅಕ್ಕಿ, ಹಾಲು, ಸಕ್ಕರೆಯದು. ಬೆಲ್ಲ ಹಾಕೋ ಪ್ರಥಮನ್‌ಗಳಿಗೆ ಅಲ್ಲಿ ತೆಂಗಿನಕಾಯಿ ಹಾಲು. ನಮ್ಮ ಕಡೆ ಹೆಸರುಬೇಳೆ ಪಾಯಸಕ್ಕೂ ಬೆಲ್ಲ, ಕಾಯಿಹಾಲು. ಶ್ಯಾವಿಗೆಗೆ ಹಾಲು, ಸಕ್ಕರೆ. ಅಂದ್ರೆ ಹಿಂದಿನವರು ಈ ಜಗಳಕ್ಕೇ ಹೋಗದೆ ಜೋಡಿ ಮಾಡಿಟ್ಟಿದ್ದಾರೆ ಅನ್ಸುತ್ತೆ. ಕಾಯಿಹಾಲಲ್ಲಿ ಕೇಸಿನ್ನೇ ಇಲ್ಲ. ಅದೂ ಜಾಸ್ತಿ ಕುದಿಸಿದ್ರೆ ಒಡೆಯುತ್ತೆ, ಆದ್ರೆ ಎಣ್ಣೆ ಬೇರೆಯಾಗಿ, ಆ ಕಥೆ ಬೇರೆ. ಬಂಗಾಳದಲ್ಲಿ ಖರ್ಜೂರದ ಬೆಲ್ಲ ಹಾಕಿ ಹಾಲು ಅಕ್ಕಿ ಪಾಯೇಶ್ ಮಾಡ್ತಾರೆ. ಅಲ್ಲೂ ಒಲೆ ಆರಿಸಿದ ಮೇಲೆಯೇ ಬೆಲ್ಲ.

"ಅಯ್ಯಂಗಾರ್ ಮನೆಗಳಲ್ಲಿ ಅಕ್ಕಾರವಡಿಸಲ್‌ಗೆ ಒಲೆ ಮೇಲೇ ಬೆಲ್ಲ ಹಾಕ್ತಾರಲ್ಲ?" ಹೌದು. ಅಲ್ಲಿ ಅಕ್ಕಿ ಹಾಲನ್ನೆಲ್ಲ ಕುಡಿದು ಮುದ್ದೆಯಾಗಿರುತ್ತೆ, ಮೇಲೆ ತುಪ್ಪ ಬೇರೆ. ಒಡೆಯೋಕೆ ಹರಿಯೋ ಹಾಲೇ ಇರಲ್ಲ, ಚೂರು ಒಡೆದ್ರೂ ಕಾಣಲ್ಲ. ನಾವು ಮಾತಾಡ್ತಿರೋದು ಸೌಟಿಂದ ಸುರಿಯೋ ಪಾಯಸದ ಬಗ್ಗೆ.

ಗಿಣ್ಣು ಕೇಳಬೇಡಿ ದಯವಿಟ್ಟು. ಕರು ಹಾಕಿದ ಹಸುವಿನ ಮೊದಲ ಹಾಲು ಬೆಲ್ಲ ಇಲ್ಲದಿದ್ರೂ ಕಾಯಿಸಿದ್ರೆ ಗಟ್ಟಿಯಾಗುತ್ತೆ. ಅದು ಬೇರೆ ಪ್ರೋಟೀನಿನ ಕೆಲಸ.

ಕ್ಯಾಪ್ಷನ್ 9

ಒಡೆದೇ ಹೋಯ್ತು ಅಂದ್ರೆ? ಅಂಟಿಕೊಂಡ ಕೇಸಿನ್ನು ವಾಪಸ್ ಬಿಡಿಸೋಕಾಗಲ್ಲ. ರವೆಯಷ್ಟು ಕಾಳು ಕಂಡ ಕ್ಷಣ ಪಾತ್ರೆಯನ್ನ ತಣ್ಣೀರಲ್ಲಿ ಇಟ್ಟು ಜೋರಾಗಿ ಕಲಕಿ, ಇನ್ನೂ ಹಾಕದೆ ಉಳಿದ ಬೆಲ್ಲ ಹಾಗೇ ಇಡಿ. ಅಲ್ಲಿಗೆ ನಿಲ್ಲುತ್ತೆ. ನಾಲ್ಕನೇ ಒಂದು ಭಾಗ ಪಾಯಸ ತೆಗೆದು, ಆರಿಸಿ, ಮಿಕ್ಸೀಲಿ ರುಬ್ಬಿ ವಾಪಸ್ ಸೇರಿಸಿದ್ರೆ ಕಣ್ಣಿಗೆ ಅಷ್ಟು ಕಾಣಲ್ಲ. ತಿಳಿ ನೀರು ಬಿಟ್ಟಿದ್ರೆ ಅದೂ ಇಲ್ಲ. ಹಾಲು ಮೊದಲು ಚೆನ್ನಾಗಿ ಉಕ್ಕಿ ಬಂದಿದ್ದು, ಬೆಲ್ಲದಿಂದ ಮಾತ್ರ ಒಡೆದಿದ್ರೆ ತಿನ್ನೋಕೆ ತೊಂದರೆ ಇಲ್ಲ. ಆ ಹಬ್ಬದ ದಿನ ಎಡೆಗೆ ಬೇರೆ ಸಿಹಿ ಇಟ್ಟು, ಇದನ್ನ ನಾವು ಮಕ್ಕಳೆಲ್ಲ ಸಂಜೆ ಸ್ಪೂನ್ ಹಾಕಿ ಖಾಲಿ ಮಾಡಿದ್ವಿ. ರುಚಿ ಚೆನ್ನಾಗೇ ಇತ್ತು, ಅಮ್ಮನಿಗೆ ಹೇಳೋ ಧೈರ್ಯ ಮಾತ್ರ ಇರಲಿಲ್ಲ.

ಉಳಿದ ಪಾಯಸ ಬಿಸಿ ಮಾಡೋವಾಗ ಒಲೆ ಮೇಲೆ ನೇರವಾಗಿ ಇಡಬೇಡಿ. ನೀರು ಕಾಯಿಸಿ, ಅದರಲ್ಲಿ ಪಾಯಸದ ಪಾತ್ರೆ ಕೂರಿಸಿ. ಗಟ್ಟಿಯಾಗಿದ್ರೆ ಬೆಚ್ಚಗಿನ ಹಾಲು ಅರ್ಧ ಲೋಟ ಸೇರಿಸಿ. ಕುದಿ ಬರಬಾರದು. ಮೈಕ್ರೋವೇವಲ್ಲಿ ಅಂಚು ಮಾತ್ರ ಕುದ್ದು ಅಲ್ಲೇ ಒಡೆಯುತ್ತೆ, ನಾನು ನೋಡಿದ್ದೀನಿ.

ಆ ಭಾನುವಾರ ಮೊದಲ ಲೋಟ ಅಜ್ಜಿಗೆ ಕೊಟ್ಟೆ. ಕುಡಿದು, ಬೆರಳಲ್ಲಿ ತಳ ಒರೆಸಿ ತಿಂದು, "ಅಕ್ಕಿ ಇನ್ನೊಂಚೂರು ಬೇಯಬೇಕಿತ್ತು ಮಗಾ" ಅಂದ್ರು. ನಲವತ್ತು ನಿಮಿಷ ನಿಂತು ಕೈಯಾಡಿಸಿದವರಿಗೆ ಹೇಳೋ ಮಾತಾ ಇದು? ಅಮ್ಮ ಮಾತ್ರ ಎರಡನೇ ಲೋಟ ಹಾಕ್ಕೊಂಡು, "ನೋಡೋಣ, ಸಂಕ್ರಾಂತಿಗೆ ನಾಲ್ಕು ಲೀಟರ್ ಮಾಡಿ ತೋರಿಸು" ಅಂದ್ರು. ಥರ್ಮಾಮೀಟರ್ ಇನ್ನೂ ವಾಪಸ್ ಕೊಟ್ಟಿಲ್ಲ. ಕೊಟ್ಟವಳು ಇದನ್ನ ಓದ್ತಿದ್ರೆ, ಸಂಕ್ರಾಂತಿ ಮುಗಿಯೋವರೆಗೂ ಇರಲಿ ಕಣೇ, ಒಂದು ಡಬ್ಬಿ ಪಾಯಸ ತಂದುಕೊಡ್ತೀನಿ.

#ಅಡುಗೆಮನೆವಾದ #ಅಕ್ಕಿಪಾಯಸ #ನೆಲಮಂಗಲ